ಚಿತ್ರದೊಳಗಿನ ಕೋಷ್ಟಕ ಮಾತಾಡುವುದು ಹೇಗೆ?

ಯಾವ ವಿಭಾಗದ ವೈದ್ಯರು ಯಾವ ದಿನ, ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂಬ ಕೋಷ್ಟಕ ಆಸ್ಪತ್ರೆಯ ಜಾಲತಾಣದಲ್ಲಿದೆ ಎಂದುಕೊಳ್ಳಿ. ಗೋಡೆಗೆ ಅಂಟಿಸಿದ್ದ ಹಾಳೆಯ ಫೋಟೊ ತೆಗೆದು ಹಾಗೇ ಹಾಕಿದ್ದಾರೆ. ಕಣ್ಣಿದ್ದವರು ಅದನ್ನು ಓದಿಕೊಳ್ಳುತ್ತಾರೆ. ದೃಷ್ಟಿ ಇಲ್ಲದವರು ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ನಂಬಿದವರು. ಅದು ಆ ಜಾಗಕ್ಕೆ ಬಂದಾಗ ಇಲ್ಲೊಂದು ಚಿತ್ರವಿದೆ ಎಂದು ಹೇಳಿ ಮುಂದೆ ಹೋಗುತ್ತದೆ.

ಚಿತ್ರಕ್ಕೆ ಬದಲಿ ಪಠ್ಯ ಕೊಡುವ ಸೌಲಭ್ಯವೇನೋ ಇದೆ. ಆದರೆ ಇಡೀ ಕೋಷ್ಟಕವನ್ನು ಅದರಲ್ಲಿ ತುಂಬಿದರೆ ಕೇಳುವವರಿಗೆ ಎಲ್ಲ ವಿಭಾಗ, ಎಲ್ಲ ವಾರ, ಎಲ್ಲ ಸಮಯ ಒಂದೇ ಉಸಿರಿಗೆ ಬಂದು ಬೀಳುತ್ತವೆ. ಮೂಳೆ ವೈದ್ಯರ ಬುಧವಾರದ ಸಮಯವಷ್ಟೇ ಬೇಕಾದವರೂ ಪೂರ್ತಿ ಕೇಳಬೇಕು. ಕೋಷ್ಟಕವನ್ನು ಕೋಷ್ಟಕವಾಗಿಯೇ ಬರೆದರೆ ಮಾತ್ರ ಒಂದೊಂದೇ ಮನೆಗೆ ಹೋಗಿ ಬರಲು ಸಾಧ್ಯ.

ಮೊದಲ ಕೆಲಸ ಅಕ್ಷರಗಳನ್ನು ಹೊರತೆಗೆಯುವುದು. ಟೆಸರ್ಯಾಕ್ಟ್‌ನಂತಹ ಉಚಿತ ಓಸಿಆರ್ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ಆದರೂ ಅದು ಕೊಟ್ಟದ್ದನ್ನು ಮೂಲದ ಪಕ್ಕ ಇಟ್ಟುಕೊಂಡು ತಿದ್ದಲೇಬೇಕು. ಕನ್ನಡದ ಸೊನ್ನೆ ಮತ್ತು ಅನುಸ್ವಾರ ನೋಡಲು ಒಂದೇ ಥರ ಇವೆ, ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಅಕ್ಷರ. ೧೦ ಎಂಬಲ್ಲಿ ಸೊನ್ನೆಯ ಬದಲು ಅನುಸ್ವಾರ ಕೂತಿದ್ದರೆ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಕಿವಿಗೆ ಮಾತ್ರ ಹತ್ತು ಕೇಳಿಸುವುದಿಲ್ಲ. ಆದ್ದರಿಂದ ಅಂಕಿಗಳನ್ನು ಕೈಯಿಂದಲೇ ಟೈಪ್ ಮಾಡುವುದು ಒಳ್ಳೆಯದು. ಮೂಲದಲ್ಲಿ ರಜೆಯ ದಿನಕ್ಕೆ ಕೆಂಪು ಬಣ್ಣ ಬಳಿದಿದ್ದರೆ ಅಥವಾ ಗೆರೆ ಎಳೆದಿದ್ದರೆ ಅದನ್ನೂ ಮಾತಿಗೆ ಇಳಿಸಿ, ‘ಇಲ್ಲ’ ಎಂದು ಬರೆಯಬೇಕು.

ಎರಡನೆಯ ಕೆಲಸ ತಲೆಬರಹಗಳನ್ನು ಗುರುತಿಸುವುದು. ನಮ್ಮ ಕೋಷ್ಟಕದಲ್ಲಿ ಅವು ಎರಡು ಕಡೆ ಇವೆ: ಮೇಲಿನ ಸಾಲಿನಲ್ಲಿ ವಾರಗಳು, ಎಡಗಡೆಯ ಕಂಬಸಾಲಿನಲ್ಲಿ ವಿಭಾಗಗಳು. ‘2ರಿಂದ 4’ ಎಂಬ ಮನೆಗೆ ಅರ್ಥ ಬರುವುದು ಈ ಎರಡೂ ಜೊತೆಗಿದ್ದಾಗಲೇ. ಎಚ್‌ಟಿಎಂಎಲ್‌ನಲ್ಲಿ ಸಾಮಾನ್ಯ ಮನೆಗೆ `td`, ತಲೆಬರಹದ ಮನೆಗೆ `th` ಎಂದು ಬರೆಯುತ್ತಾರೆ. ಆ ತಲೆಬರಹ ಕೆಳಗಿನ ಮನೆಗಳಿಗೋ ಪಕ್ಕದ ಮನೆಗಳಿಗೋ ಎಂಬುದನ್ನು `scope` ಹೇಳುತ್ತದೆ.

```html
<table lang="kn">
  <caption>ವೈದ್ಯರು ಸಿಗುವ ಸಮಯ</caption>
  <tr>
    <th scope="col">ವಿಭಾಗ</th>
    <th scope="col">ಸೋಮವಾರ</th>
    <th scope="col">ಬುಧವಾರ</th>
  </tr>
  <tr>
    <th scope="row">ಕಣ್ಣು</th>
    <td>ಬೆಳಿಗ್ಗೆ 9ರಿಂದ 11</td>
    <td>ಇಲ್ಲ</td>
  </tr>
  <tr>
    <th scope="row">ಮೂಳೆ</th>
    <td>ಇಲ್ಲ</td>
    <td>ಮಧ್ಯಾಹ್ನ 2ರಿಂದ 4</td>
  </tr>
</table>
```

`caption` ಕೋಷ್ಟಕದ ಹೆಸರು; ಒಳಗೆ ಹೋಗುವ ಮೊದಲೇ ಇದು ಯಾವುದರ ಪಟ್ಟಿ ಎಂದು ಕೇಳುಗರಿಗೆ ಗೊತ್ತಾಗುತ್ತದೆ. `lang="kn"` ಎಂದರೆ ಇದು ಕನ್ನಡ ಎಂಬ ಸೂಚನೆ. ಅದಿದ್ದರೆ ಕನ್ನಡದ ಧ್ವನಿ ಇರುವ ಸ್ಕ್ರೀನ್ ರೀಡರ್ ಆ ಧ್ವನಿಗೆ ಬದಲಾಗಿ ಓದಬಲ್ಲದು.

ಹೆಚ್ಚಿನವರು ಎಡವುವುದು ತಲೆಬರಹದಲ್ಲೇ. ಎಲ್ಲ ಮನೆಗಳನ್ನೂ `td` ಎಂದು ಬರೆದು, ಮೇಲಿನ ಸಾಲನ್ನು ದಪ್ಪಕ್ಷರ ಮಾಡಿ ಬಣ್ಣ ಹಚ್ಚಿ ಬಿಡುತ್ತಾರೆ. ನೋಟಕ್ಕೆ ಅದು ತಲೆಬರಹವೇ, ಸ್ಕ್ರೀನ್ ರೀಡರ್‌ಗೆ ಮಾತ್ರ ಮಿಕ್ಕವುಗಳಂತೆ ಇನ್ನೊಂದು ಮನೆ. ಇನ್ನೊಂದು ತೊಡಕು ಕೂಡಿಸಿದ ಮನೆಗಳದು. ಎರಡು ದಿನಕ್ಕೂ ಒಂದೇ ಸಮಯ ಎಂದು ಎರಡು ಮನೆ ಸೇರಿಸಿ ಬರೆದಿದ್ದರೆ, ಅವನ್ನು ಬಿಡಿಸಿ ಎರಡರಲ್ಲೂ ಸಮಯ ಬರೆಯುವುದೇ ಸರಳ. ತಲೆಬರಹದ ಮೇಲೆ ಮತ್ತೊಂದು ತಲೆಬರಹ ಬರುವಂತಹ ದೊಡ್ಡ ಕೋಷ್ಟಕವನ್ನು ಎರಡು ಸಣ್ಣ ಕೋಷ್ಟಕಗಳಾಗಿ ಒಡೆದರೆ ನೋಡುವವರಿಗೂ ಅನುಕೂಲ.

ಸರಿಯಾಗಿದೆಯೇ ಎಂದು ತಿಳಿಯಲು ಕಿವಿಯೇ ಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡು ಪುಟ ತೆರೆಯಿರಿ. `T` ಒತ್ತಿದರೆ ಕೋಷ್ಟಕಕ್ಕೆ ಹೋಗುತ್ತದೆ. ಆಮೇಲೆ `Ctrl+Alt` ಹಿಡಿದು ಬಾಣದ ಕೀಲಿಗಳಿಂದ ಮನೆಯಿಂದ ಮನೆಗೆ ಸಾಗಬಹುದು. ಮೂಳೆ ವಿಭಾಗದ ಸಾಲಿನಲ್ಲಿ ಸೋಮವಾರದ ಮನೆಯಿಂದ ಬಲಕ್ಕೆ ಸರಿದರೆ ‘ಬುಧವಾರ’ ಎಂದೂ ‘ಮಧ್ಯಾಹ್ನ 2ರಿಂದ 4’ ಎಂದೂ ಕೇಳಿಸಬೇಕು. ಬುಧವಾರದಲ್ಲೇ ಕಣ್ಣಿನ ವಿಭಾಗದಿಂದ ಕೆಳಗಿಳಿದರೆ ‘ಮೂಳೆ’ ಎಂಬ ಹೆಸರು ಸಮಯದ ಜೊತೆಗೆ ಬರಬೇಕು. ಬರೀ ಸಾಲು, ಕಂಬಸಾಲಿನ ಸಂಖ್ಯೆ ಮತ್ತು ಸಮಯ ಕೇಳಿಸಿದರೆ ತಲೆಬರಹದ ಮನೆಗಳು ತಪ್ಪಿವೆ ಎಂದೇ ಅರ್ಥ.

ಶಾಲೆಯ ಪರೀಕ್ಷಾ ವೇಳಾಪಟ್ಟಿ, ಪಂಚಾಯಿತಿಯ ಖರ್ಚಿನ ಪಟ್ಟಿ, ಬಸ್ಸಿನ ಸಮಯ, ಹೀಗೆ ಏನನ್ನೇ ಜಾಲತಾಣಕ್ಕೆ ಹಾಕುವವರಲ್ಲಿ ಒಂದು ವಿನಂತಿ: ಹಾಕಿದ ಮೇಲೆ ಮಾನಿಟರ್ ಆರಿಸಿ, ಅದರಲ್ಲಿನ ಒಂದು ಮಾಹಿತಿಯನ್ನು ಕೀಲಿಮಣೆಯಿಂದಷ್ಟೇ ಹುಡುಕಿ ನೋಡಿ. ನಿಮಗೆ ಸಿಗದಿದ್ದರೆ ಕಣ್ಣು ಕಾಣದವರಿಗೂ ಅದು ಸಿಕ್ಕಿಲ್ಲ.