ಬೇಗ ಮುಗಿಸಿದವರಿಗೆ ಏನು ಕಾದಿದೆ?

ತುರ್ತು ಚಿಕಿತ್ಸಾ ವಿಭಾಗದ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಹೊಟ್ಟೆನೋವೆಂದು ಬಂದವರೊಬ್ಬರಿಗೆ ರಕ್ತಪರೀಕ್ಷೆಯಾಗಿದೆ, ಸ್ಕ್ಯಾನ್ ಆಗಿದೆ, ಗಾಬರಿಪಡುವಂಥದ್ದೇನೂ ಇಲ್ಲವೆಂಬ ವರದಿಯೂ ವೈದ್ಯರ ಕೈಸೇರಿದೆ. ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸುವುದೊಂದೇ ಬಾಕಿ. ಆದರೂ ಅರ್ಧ ಗಂಟೆ ಕಳೆದರೂ ರೋಗಿ ಅದೇ ಹಾಸಿಗೆಯಲ್ಲಿದ್ದಾರೆ. ಅವರ ಹೆಸರು ಪಟ್ಟಿಯಲ್ಲಿ ಇರುವಷ್ಟು ಹೊತ್ತು ವೈದ್ಯರ ಕೈತುಂಬ ಕೆಲಸವಿರುವಂತೆ ಕಾಣುತ್ತದೆ. ಹೆಸರು ಹೋದ ಮರುಗಳಿಗೆಯೇ ಹೊರಗೆ ಕಾಯುತ್ತಿರುವ ಇನ್ನೊಬ್ಬರನ್ನು ನರ್ಸ್ ಒಳಗೆ ಕಳಿಸುತ್ತಾರೆ.

ಈ ವೈದ್ಯರನ್ನು ಸೋಮಾರಿ ಎಂದುಬಿಡುವುದು ಸುಲಭ. ಆದರೆ ಅದೇ ವೈದ್ಯರು ಬೇರೊಂದು ಏರ್ಪಾಡಿನಲ್ಲಿ ಚುರುಕಾಗುತ್ತಾರೆ ಎಂಬುದನ್ನು ಸ್ಟ್ಯಾನ್‌ಫರ್ಡ್‌ನ ಡೇವಿಡ್ ಚಾನ್ ತೋರಿಸಿಕೊಟ್ಟರು. ಚಾನ್ ಸ್ವತಃ ವೈದ್ಯರು, ಅರ್ಥಶಾಸ್ತ್ರಜ್ಞರೂ ಹೌದು. 2016ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕೆ ಆಧಾರವಾದದ್ದು ಅಮೆರಿಕದ ಒಂದು ತುರ್ತು ವಿಭಾಗದ ಹಲವು ವರ್ಷಗಳ ದಾಖಲೆ. ಅಲ್ಲಿ ಎರಡು ಬಗೆಯ ವ್ಯವಸ್ಥೆಗಳು ನಡೆಯುತ್ತಿದ್ದವು. ಒಂದರಲ್ಲಿ ಯಾವ ರೋಗಿ ಯಾರಿಗೆ ಎಂಬುದನ್ನು ನರ್ಸ್ ನಿರ್ಧರಿಸುತ್ತಿದ್ದರು. ಇನ್ನೊಂದರಲ್ಲಿ ಒಂದೇ ಕಡೆ ಕೂತ ವೈದ್ಯರು ತಮ್ಮತಮ್ಮಲ್ಲೇ ಮಾತಾಡಿಕೊಂಡು ರೋಗಿಗಳನ್ನು ಹಂಚಿಕೊಳ್ಳುತ್ತಿದ್ದರು. ಎರಡೂ ಕಡೆ ಕೆಲಸ ಮಾಡುತ್ತಿದ್ದವರು ಅದೇ ವೈದ್ಯರೇ. ಹಾಗಾಗಿ ವ್ಯತ್ಯಾಸ ಕಂಡರೆ ಅದಕ್ಕೆ ಮನುಷ್ಯರ ಸ್ವಭಾವವನ್ನು ದೂರುವಂತಿರಲಿಲ್ಲ.

ವ್ಯತ್ಯಾಸ ಕಂಡಿತು. ತಾವೇ ಹಂಚಿಕೊಳ್ಳುವಲ್ಲಿ ವೈದ್ಯರ ಕೆಲಸ ಶೇ. 11ರಿಂದ 15ರಷ್ಟು ಬೇಗ ಸಾಗುತ್ತಿತ್ತು. ನರ್ಸ್ ಹಂಚುವಲ್ಲಿ, ಹೊರಗೆ ಕಾಯುವವರ ಸಾಲು ಬೆಳೆದಷ್ಟೂ ಒಳಗಿರುವ ರೋಗಿಗಳನ್ನು ಕಳಿಸುವುದು ತಡವಾಗುತ್ತಿತ್ತು. ಕಾರಣ ಸರಳ. ದೂರದಲ್ಲಿ ನಿಂತು ಹಂಚುವವರಿಗೆ ಕಾಣುವುದು ಪಟ್ಟಿ ಮಾತ್ರ, ನಾಲ್ಕು ಹೆಸರಿದ್ದರೆ ಕೆಲಸ ಹೆಚ್ಚು, ಎರಡಿದ್ದರೆ ಕಡಿಮೆ. ಆ ನಾಲ್ವರಲ್ಲಿ ಮೂವರು ಹೊರಡಲು ಸಿದ್ಧರಾಗಿದ್ದಾರೆ ಎಂಬುದು ಪಕ್ಕದ ಕುರ್ಚಿಯಲ್ಲಿರುವ ಸಹೋದ್ಯೋಗಿಗೆ ಗೊತ್ತಿರುತ್ತದೆ. ಅವರೆದುರು ಕೈತುಂಬ ಕೆಲಸವಿರುವಂತೆ ತೋರಿಸಿಕೊಳ್ಳಲು ಸಾಧ್ಯವೂ ಇಲ್ಲ, ಮನಸ್ಸೂ ಬಾರದು.

ಕಚೇರಿಗಳಲ್ಲಿ ‘ಪುಷ್’, ‘ಪುಲ್’ ಎಂದು ಕರೆಯುವುದು ಈ ಎರಡು ಪದ್ಧತಿಗಳನ್ನೇ. ಮೇಲಿನವರು ಕೆಲಸವನ್ನು ನಿಮ್ಮ ಕಡೆ ತಳ್ಳುವುದು ಒಂದು. ಕೈ ಖಾಲಿಯಾದಾಗ ನೀವೇ ಮುಂದಿನದನ್ನು ಎಳೆದುಕೊಳ್ಳುವುದು ಇನ್ನೊಂದು. ಚಾನ್ ಅವರ ಅಧ್ಯಯನವನ್ನಷ್ಟೇ ಓದಿದವರಿಗೆ ತಳ್ಳುವುದು ಕೆಟ್ಟದ್ದು, ಎಳೆದುಕೊಳ್ಳುವುದು ಒಳ್ಳೆಯದು ಎನಿಸುತ್ತದೆ. ಹಾಗೆನ್ನುವ ಮೊದಲು ಕ್ಯಾಲಿಫೋರ್ನಿಯಾದ ಇನ್ನೊಂದು ತುರ್ತು ವಿಭಾಗದ ಕಥೆಯನ್ನೂ ಕೇಳಬೇಕು.

ಅಲ್ಲಿ ಮೊದಲು ರೋಗಿಗಳೆಲ್ಲ ಒಂದೇ ಸಾಲಿನಲ್ಲಿ ಕಾಯುತ್ತಿದ್ದರು. ಆಮೇಲೆ ಪದ್ಧತಿ ಬದಲಾಯಿತು. ರೋಗಿ ಬಂದೊಡನೆಯೇ ‘ಇವರು ಇಂಥ ವೈದ್ಯರಿಗೆ’ ಎಂದು ಗೊತ್ತುಮಾಡತೊಡಗಿದರು. ಪ್ರತಿ ವೈದ್ಯರಿಗೂ ಅವರದ್ದೇ ಸಾಲು. ಎರಡೂ ಪದ್ಧತಿಗಳಲ್ಲಿ ರೋಗಿಗಳನ್ನು ವೈದ್ಯರಿಗೆ ಸಮನಾಗಿ ಹಂಚಬೇಕೆಂಬ ನಿಯಮವಿತ್ತು. ಸಾಲುಗಳ ಗಣಿತ ಬಲ್ಲವರು ಈ ಬದಲಾವಣೆಯನ್ನು ಒಪ್ಪುವುದಿಲ್ಲ. ಎಲ್ಲರಿಗೂ ಒಂದೇ ಸಾಲಿದ್ದರೆ ಯಾರ ಕೈಯೂ ಖಾಲಿ ಇರುವುದಿಲ್ಲ, ಕಾಯುವ ಹೊತ್ತು ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕ. ಆದರೆ 2007ರಿಂದ 2010ರವರೆಗಿನ ದಾಖಲೆಗಳನ್ನು ಜಾಲಾಡಿದ ಹಮ್ಮಿ ಸಾಂಗ್, ಅನಿತಾ ಟಕ್ಕರ್ ಮತ್ತು ಕ್ಯಾರನ್ ಮರೆಲ್ ಅವರಿಗೆ ಸಿಕ್ಕಿದ್ದು ತದ್ವಿರುದ್ಧ ಫಲಿತಾಂಶ. ಬೇರೆಬೇರೆ ಸಾಲು ಮಾಡಿದ ಮೇಲೆ ರೋಗಿಗಳು ಆಸ್ಪತ್ರೆಯಲ್ಲಿ ಕಳೆಯುವ ಒಟ್ಟು ಸಮಯ ಸರಾಸರಿ ಶೇ. 17ರಷ್ಟು ಇಳಿದಿತ್ತು. ಮಧ್ಯಮ ತೀವ್ರತೆಯ ರೋಗಿಗೆ ಇದರಿಂದ ಉಳಿದದ್ದು 39 ನಿಮಿಷ.

ಲೆಕ್ಕ ತಪ್ಪಿದ್ದೆಲ್ಲಿ? ಸಂಶೋಧಕರು ವೈದ್ಯರನ್ನೇ ಮಾತಾಡಿಸಿದರು, ಅವರ ಕೆಲಸವನ್ನು ಗಮನಿಸಿದರು. ಹೊರಗೆ ಕಾಯುತ್ತಿರುವವರು ‘ನನ್ನ ರೋಗಿ’ ಎಂದಾದ ಕೂಡಲೇ ವೈದ್ಯರ ನಡೆಯೇ ಬದಲಾಗಿತ್ತು. ರೋಗಿ ಯಾವಾಗ ಒಳಬರಬೇಕು, ಹಾಸಿಗೆ ಯಾವಾಗ ಖಾಲಿಯಾಗಬೇಕು ಎಂಬುದನ್ನು ಅವರೇ ಮುಂದೆ ನಿಂತು ನೋಡಿಕೊಳ್ಳುತ್ತಿದ್ದರು. ಒಂದೇ ಸಾಲಿದ್ದಾಗ ಹೊರಗಿದ್ದವರು ಎಲ್ಲರ ರೋಗಿಗಳು, ಎಂದರೆ ಯಾರವರೂ ಅಲ್ಲ.

ಇಲ್ಲಿ ಗೆದ್ದದ್ದು ಹಂಚಿಕೆ. ಮೊದಲ ಆಸ್ಪತ್ರೆಯಲ್ಲಿ ಸೋತದ್ದೂ ಹಂಚಿಕೆಯೇ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಕೆಲಸ ಕೊಟ್ಟವರು ಯಾರು ಎನ್ನುವುದಕ್ಕಿಂತ, ಬೇಗ ಮುಗಿಸಿದವರಿಗೆ ಮುಂದೇನು ಕಾದಿದೆ ಎನ್ನುವುದೇ ದುಡಿಯುವವರ ಉತ್ಸಾಹವನ್ನು ಹಿಡಿದಿಡುತ್ತದೆ ಎನಿಸುತ್ತದೆ. ಮೊದಲ ಕಡೆ ಚುರುಕುತನಕ್ಕೆ ಸಿಗುತ್ತಿದ್ದದ್ದು ಇನ್ನೊಂದು ಹೊರೆ. ಎರಡನೆಯ ಕಡೆ ಅದೇ ಚುರುಕುತನ ಅವರದ್ದೇ ಸಾಲನ್ನು ಹಗುರ ಮಾಡುತ್ತಿತ್ತು. ದುಡಿಯುವ ಎತ್ತಿನ ಹೆಗಲಿಗೇ ಎಲ್ಲ ನೊಗವನ್ನೂ ಏರಿಸುವ ಮನೆಯಲ್ಲಿ ಎತ್ತು ನಿಧಾನವಾಗುವುದನ್ನು ಕಲಿಯುತ್ತದೆ.

ಎಳೆದುಕೊಳ್ಳುವ ಪದ್ಧತಿಗೂ ತನ್ನದೇ ರೋಗವಿದೆ. ಮರಿಯಾ ಇಬಾನ್ಯೆಜ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಬಿಡಿಸಿ ತೋರಿಸುತ್ತದೆ. ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ದೂರದಲ್ಲಿ ಕೂತು ಓದುವ 91 ವೈದ್ಯರ 24 ಲಕ್ಷ ವರದಿಗಳನ್ನು ಅವರು ಪರಿಶೀಲಿಸಿದರು. ಯಾರಿಗೆ ಯಾವ ಕೇಸು ಎಂಬುದು ತಾನಾಗಿಯೇ ಹಂಚಿಕೆಯಾಗುತ್ತಿತ್ತು. ಆದರೆ ತಮ್ಮ ಸಾಲಿನೊಳಗೆ ಮೊದಲು ಯಾವುದನ್ನು ಎತ್ತಿಕೊಳ್ಳಬೇಕು ಎಂಬ ಆಯ್ಕೆ ವೈದ್ಯರದ್ದಾಗಿತ್ತು. ಅವರು ಒಂದೇ ಬಗೆಯವನ್ನು ಒಟ್ಟಿಗೆ ಎತ್ತಿಕೊಂಡರು, ಬೇಗ ಮುಗಿಯುವಂಥವನ್ನು ಮುಂದಕ್ಕೆ ತಂದರು. ಅನುಭವ ಹೆಚ್ಚಿದಂತೆ ಆರಿಸುವುದೂ ಹೆಚ್ಚಿತು. ಜಾಣತನದ್ದೆಂದೇ ತೋರುವ ಈ ಅಭ್ಯಾಸ ಒಟ್ಟಾರೆ ಕೆಲಸವನ್ನು ನಿಧಾನಗೊಳಿಸಿತ್ತು. ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ಹುಡುಕುವುದಕ್ಕೂ ಹೊತ್ತು ಬೇಕಲ್ಲ!

ಬೆಂಗಳೂರಿನ ಸಾಫ್ಟ್‌ವೇರ್ ಸಪೋರ್ಟ್ ತಂಡಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐದು ಜನರ ಒಂದು ತಂಡ ಇದೆಯೆಂದುಕೊಳ್ಳಿ. ಗ್ರಾಹಕರ ದೂರುಗಳೆಲ್ಲ ‘ಟಿಕೆಟ್’ ಆಗಿ ಒಂದೇ ಪಟ್ಟಿಗೆ ಬೀಳುತ್ತವೆ, ಬೇಕಾದವರು ಬೇಕಾದ್ದನ್ನು ಎತ್ತಿಕೊಳ್ಳಬಹುದು. ಪಾಸ್‌ವರ್ಡ್ ಮರೆತ ದೂರು ಬಂದ ಎರಡೇ ನಿಮಿಷದಲ್ಲಿ ಮಾಯ. ಎರಡು ಕಡೆಯ ಲೆಕ್ಕ ತಾಳೆಯಾಗುತ್ತಿಲ್ಲ ಎಂಬ ದೂರು ಮಾತ್ರ ಒಂಬತ್ತು ದಿನವಾದರೂ ಅಲ್ಲೇ ಇದೆ. ಅದನ್ನು ಮುಟ್ಟಿದರೆ ಎರಡು ದಿನ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ತಿಂಗಳ ಕೊನೆಗೆ ಮ್ಯಾನೇಜರ್ ಎಣಿಸುವುದು ಮುಗಿಸಿದ ಟಿಕೆಟ್‌ಗಳ ಸಂಖ್ಯೆಯನ್ನೇ ಎಂಬುದೂ ಗೊತ್ತು. ಕೊನೆಗೆ ತಡೆಯಲಾರದೆ ಒಬ್ಬರು, ಸಾಮಾನ್ಯವಾಗಿ ಪ್ರತಿ ಸಲವೂ ಅದೇ ಒಬ್ಬರು, ಅದನ್ನು ಎತ್ತಿಕೊಳ್ಳುತ್ತಾರೆ. ಅವರ ಸಂಖ್ಯೆ ಕುಸಿಯುತ್ತದೆ. ಇಂಥವರು ಮೌನವಾಗಿ ಬೇರೆ ಕೆಲಸ ಹುಡುಕತೊಡಗಿದಾಗ, ತಂಡದಲ್ಲಿ ಸ್ವಾತಂತ್ರ್ಯವಿತ್ತಲ್ಲ, ಬೇಸರವೇಕೆ ಎಂದು ಮೇಲಿನವರಿಗೆ ಅಚ್ಚರಿಯಾಗುತ್ತದೆ.

ಹೀಗಾಗುತ್ತಿದೆ ಎಂದು ತಿಳಿಯಲು ಸರಾಸರಿ ಸಮಯ ಸಾಲದು. ಸುಲಭದ ಟಿಕೆಟ್‌ಗಳು ಬೇಗ ಮುಗಿಯುವುದರಿಂದ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ನೋಡಬೇಕಾದದ್ದು ಪಟ್ಟಿಯಲ್ಲಿರುವ ಅತಿ ಹಳೆಯ ಟಿಕೆಟ್ಟಿನ ವಯಸ್ಸನ್ನು, ಮತ್ತು ಕಷ್ಟದವು ಯಾರ ಹೆಸರಿನಲ್ಲಿ ಮುಗಿಯುತ್ತಿವೆ ಎಂಬುದನ್ನು. ಹಂಚಿಕೆಯ ಪದ್ಧತಿಯಲ್ಲಿ ಗುರುತೇ ಬೇರೆ: ಬಹುತೇಕ ಮುಗಿದ ಕೆಲಸಗಳು ‘ಮುಗಿಯಿತು’ ಎನಿಸಿಕೊಳ್ಳದೆ ಒಬ್ಬೊಬ್ಬರ ಹೆಸರಿನಲ್ಲಿ ಕೂತಿರುತ್ತವೆ.

ಬಹಳ ತಂಡಗಳು ಎರಡನ್ನೂ ಬೆರೆಸುತ್ತವೆ. ದಿನನಿತ್ಯದ ಟಿಕೆಟ್‌ಗಳನ್ನು ತಾವೇ ಎತ್ತಿಕೊಳ್ಳಬೇಕು, ಆದರೆ ಪಟ್ಟಿಯ ಮೇಲಿನಿಂದಲೇ. ಒಬ್ಬರ ಕೈಯಲ್ಲಿ ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚಿರಬಾರದು. ಕಷ್ಟದವಕ್ಕೆ ಬಂದ ದಿನವೇ ಒಬ್ಬರ ಹೆಸರು, ಅದೂ ಸರದಿಯ ಮೇಲೆ, ಆ ಸರದಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ. ಆ ವಾರ ಅವರು ಒಂದೇ ಟಿಕೆಟ್ ಮುಗಿಸಿದರೂ ಯಾರೂ ಸಂಖ್ಯೆ ಕೇಳುವುದಿಲ್ಲ. ಒಂಬತ್ತು ದಿನದ ಆ ದೂರನ್ನು ಈ ಸಲ ಕೈಗೆತ್ತಿಕೊಳ್ಳುವುದು ಪ್ರತಿ ಬಾರಿಯ ಆ ಒಬ್ಬರಲ್ಲ, ಸರದಿಯಲ್ಲಿ ಮುಂದಿರುವವರು. ಬಿಡಿಸುವ ದಾರಿ ಗೊತ್ತಿರುವ ಹಳಬರು ಆ ಎರಡು ದಿನವೂ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ.