ಬೀಳುವ ಮುಂಚಿನ ಅರ್ಧ ನಿಮಿಷ

ಒಂದು ಸೋಮವಾರ ಬೆಳಿಗ್ಗೆ ನನ್ನ ಕ್ಲಿನಿಕ್ಕಿಗೆ ಅಪ್ಪ, ಅಮ್ಮ, ಇಬ್ಬರು ಹೆಣ್ಣುಮಕ್ಕಳು ಬಂದರು. ದೊಡ್ಡವಳು ಹತ್ತನೇ ತರಗತಿ, ಚಿಕ್ಕವಳು ಎಂಟನೇ ತರಗತಿ. ಅಪ್ಪ ದಪ್ಪನೆಯ ಫೈಲು ಮೇಜಿನ ಮೇಲಿಟ್ಟು, "ಇಬ್ಬರಿಗೂ ಮೂರ್ಛೆ ಬರುತ್ತೆ ಸಾರ್. ಚಿಕ್ಕವಳಿಗೆ ಜಾಸ್ತಿ, ಒಂದು ವರ್ಷದಿಂದ ಫಿಟ್ಸ್ ಮಾತ್ರೆ ನಡೀತಿದೆ" ಎಂದರು. ಫೈಲಿನಲ್ಲಿ ಚಿಕ್ಕವಳ ತಲೆಯ ಸ್ಕ್ಯಾನ್ ಇತ್ತು, ಮೆದುಳಿನ ಇಇಜಿ ಇತ್ತು, ರಕ್ತಪರೀಕ್ಷೆಯ ಹತ್ತಾರು ಹಾಳೆಗಳಿದ್ದವು. ಎಲ್ಲವೂ ನಾರ್ಮಲ್. ಹೃದಯದ ಇಸಿಜಿ ಮಾತ್ರ ಒಂದೂ ಇರಲಿಲ್ಲ.

ನಮ್ಮ ಮಾತಿನಲ್ಲೇ ಒಂದು ತೊಡಕಿದೆ. ಬಿಸಿಲಲ್ಲಿ ನಿಂತು ತಲೆ ಸುತ್ತಿ ಬಿದ್ದರೂ ಮೂರ್ಛೆ, ಅಪಸ್ಮಾರವಾದರೂ ಮೂರ್ಛೆ, ಹೃದಯದ ಬಡಿತ ಕೆಟ್ಟು ನೆಲಕ್ಕುರುಳಿದರೂ ಮೂರ್ಛೆ. ಒಂದೇ ಹೆಸರು ಇರುವುದರಿಂದ ಒಂದೇ ಕಾಯಿಲೆ ಎಂದು ಮನೆಯವರು ಅಂದುಕೊಳ್ಳುತ್ತಾರೆ, ಎಷ್ಟೋ ಸಲ ವೈದ್ಯರೂ ಅಂದುಕೊಳ್ಳುತ್ತಾರೆ. ಇವನ್ನು ಬೇರೆ ಮಾಡುವುದು ಯಂತ್ರಕ್ಕಿಂತ ಮೊದಲು ಒಂದು ಪ್ರಶ್ನೆ: ಬೀಳುವ ಮುಂಚಿನ ಅರ್ಧ ನಿಮಿಷದಲ್ಲಿ ಏನಾಯಿತು?

ದೊಡ್ಡವಳನ್ನು ಮೊದಲು ಕೇಳಿದೆ. ಆಗಸ್ಟ್ ಹದಿನೈದರಂದು ಶಾಲೆಯ ಮೈದಾನದಲ್ಲಿ ಸಾವಧಾನ್ ನಿಂತಿದ್ದಳು. ಭಾಷಣ ಮುಗಿಯುತ್ತಿರಲಿಲ್ಲ. "ಮೊದಲು ಹೊಟ್ಟೆ ತೊಳಸಿದ ಹಾಗಾಯ್ತು ಸಾರ್. ಮೈಯೆಲ್ಲ ಬೆವೆತು ತಣ್ಣಗಾಯ್ತು. ಮೈಕಿನ ಸದ್ದು ಎಲ್ಲೋ ದೂರದಿಂದ ಬಂದಂಗೆ ಕೇಳಿಸ್ತು. ಆಮೇಲೆ ಕಣ್ಣು ಮಂಜಾಯ್ತು. ಪಕ್ಕದವಳ ಭುಜ ಹಿಡ್ಕೊಳ್ಳೋಣ ಅಂದ್ಕೊಂಡೆ, ಅಷ್ಟರಲ್ಲಿ ಬಿದ್ದಿದ್ದೆ." ಮುಖ ಸುಣ್ಣದ ಗೋಡೆಯಂತೆ ಬಿಳುಚಿತ್ತು ಎಂದು ತಂಗಿ ಸೇರಿಸಿದಳು. ಮಲಗಿಸಿದ ಮೇಲೆ ಅರ್ಧ ನಿಮಿಷದಲ್ಲಿ ಕಣ್ಣು ಬಿಟ್ಟಿದ್ದಳು. ಆ ದಿನವಿಡೀ ಸುಸ್ತು. ಇನ್ನೊಮ್ಮೆ ಬಿದ್ದದ್ದು ರಕ್ತಪರೀಕ್ಷೆಗೆ ಸೂಜಿ ಚುಚ್ಚಿದಾಗ.

ಇದು ವೇಸೋವೇಗಲ್ ಮೂರ್ಛೆ. 1932ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಲೂಯಿಸ್ ಇಟ್ಟ ಹೆಸರು. ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಅದನ್ನು ಹಿಂಡಿ ಮೇಲಕ್ಕೆ ಕಳಿಸುತ್ತವೆ. ಸಾವಧಾನ್ ನಿಂತವರ ಕಾಲು ಅಲುಗುವುದಿಲ್ಲ, ಬಿಸಿಲಿಗೆ ಚರ್ಮದ ರಕ್ತನಾಳಗಳೂ ಹಿಗ್ಗಿರುತ್ತವೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತ ಹೋಗಿ, ಒಂದು ಹಂತದಲ್ಲಿ ನರಗಳು ತಪ್ಪು ಪ್ರತಿಕ್ರಿಯೆ ಕೊಡುತ್ತವೆ: ರಕ್ತನಾಳಗಳು ಸಡಿಲವಾಗುತ್ತವೆ, ವೇಗಸ್ ನರ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಸೂಜಿ, ರಕ್ತದ ನೋಟ, ತೀವ್ರ ನೋವು ಇದೇ ಪ್ರತಿಕ್ರಿಯೆಯನ್ನು ನೇರವಾಗಿ ಎಬ್ಬಿಸಬಲ್ಲವು. ರಕ್ತದೊತ್ತಡ ಇಳಿಯಲು ಸ್ವಲ್ಪ ಹೊತ್ತು ಹಿಡಿಯುವುದರಿಂದಲೇ ವಾಕರಿಕೆ, ಬೆವರು, ಮಂಜು ಒಂದರ ಹಿಂದೊಂದು ಬರಲು ಸಮಯವಿರುತ್ತದೆ. ನೆಲಕ್ಕೆ ಬಿದ್ದು ದೇಹ ಅಡ್ಡವಾದೊಡನೆ ರಕ್ತ ಮೆದುಳಿಗೆ ಮರಳುತ್ತದೆ, ಎಚ್ಚರವೂ ಮರಳುತ್ತದೆ. ಬಿದ್ದವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವುದನ್ನು ಎಷ್ಟೋ ಶಾಲೆಗಳಲ್ಲಿ ಕಂಡಿದ್ದೇನೆ. ಅದು ತಪ್ಪು. ಮಲಗಿಸಿ ಕಾಲನ್ನು ತುಸು ಎತ್ತಿ ಹಿಡಿಯಬೇಕು.

ಈಗ ಚಿಕ್ಕವಳ ಸರದಿ. ಮೂರು ಸಲ ಬಿದ್ದಿದ್ದಳು. ಎರಡು ಸಲ ಖೋ ಖೋ ಆಡುವಾಗ, ಒಂದು ಸಲ ಹೊರಟ ಬಸ್ಸನ್ನು ಹಿಡಿಯಲು ಓಡುವಾಗ.

"ಬೀಳೋಕೆ ಮುಂಚೆ ಏನನ್ನಿಸ್ತು ಮಗಳೇ?"

"ಏನೂ ಇಲ್ಲ ಸಾರ್. ಓಡ್ತಿದ್ದೆ. ಕಣ್ಣು ಬಿಟ್ಟಾಗ ಬಾಯಲ್ಲಿ ಮಣ್ಣಿತ್ತು."

ಬಾಯಲ್ಲಿ ಮಣ್ಣು ಎಂದರೆ ಕೈ ಊರಿಕೊಳ್ಳುವಷ್ಟೂ ವ್ಯವಧಾನ ಸಿಕ್ಕಿಲ್ಲ. ಗಲ್ಲದ ಮೇಲೆ ಹೊಲಿಗೆಯ ಗುರುತು ಇತ್ತು. ಹೃದಯ ಇದ್ದಕ್ಕಿದ್ದಂತೆ ರಕ್ತ ತಳ್ಳುವುದನ್ನು ನಿಲ್ಲಿಸಿದರೆ ಆರರಿಂದ ಎಂಟು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಹೊಟ್ಟೆ ತೊಳಸಲು, ಬೆವರಲು ಸಮಯವೇ ಇರುವುದಿಲ್ಲ. ಮೂರೂ ಸಲ ಓಟದ ನಡುವೆಯೇ ಬಿದ್ದಿದ್ದಳು ಎಂಬುದು ಇನ್ನೂ ದೊಡ್ಡ ಸುಳಿವು. ಓಡಿ ನಿಂತ ಮೇಲೆ ತಲೆ ಸುತ್ತುವುದು ಸಾಮಾನ್ಯ, ಅದು ಬಹುಪಾಲು ನಿರಪಾಯ. ಓಡುತ್ತಿರುವಾಗಲೇ ಬೀಳುವುದು ಹಾಗಲ್ಲ. ಬೇರೇನೋ ಸಿಕ್ಕುವ ತನಕ ಅದನ್ನು ಹೃದಯದ ತೊಂದರೆ ಎಂದೇ ಹಿಡಿದು ಹುಡುಕಬೇಕು.

ಹಾಗಾದರೆ ಫಿಟ್ಸ್ ಎಂದು ಏಕೆ ಬರೆದರು? ಬಿದ್ದಾಗ ಕೈಕಾಲು ಅದುರಿತ್ತಂತೆ. ಮೆದುಳಿಗೆ ರಕ್ತ ಕಡಿಮೆಯಾದಾಗ ಯಾರ ಕೈಕಾಲಾದರೂ ಅದುರಬಹುದು. ಜರ್ಮನಿಯ ವೈದ್ಯರು 1994ರಲ್ಲಿ ಆರೋಗ್ಯವಂತ ಯುವಕರಿಗೆ ಬೇಕೆಂದೇ ಎಚ್ಚರ ತಪ್ಪುವಂತೆ ಮಾಡಿ ವಿಡಿಯೋ ಹಿಡಿದರು. ಪೂರ್ತಿ ಎಚ್ಚರ ತಪ್ಪಿದ 42 ಮಂದಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಜನರ ಮೈ ಅದುರಿತ್ತು. ಅವರಲ್ಲಿ ಯಾರಿಗೂ ಅಪಸ್ಮಾರವಿರಲಿಲ್ಲ. ಅದುರಾಟ ಹತ್ತಕ್ಕಿಂತ ಕಡಿಮೆಯಿದ್ದರೆ ರಕ್ತದ ಕೊರತೆಯತ್ತ, ಇಪ್ಪತ್ತು ದಾಟಿದರೆ ಫಿಟ್ಸ್ ಕಡೆಗೆ ವಾಲುತ್ತದೆ ಎಂಬುದು ಈಗ ನರರೋಗ ತಜ್ಞರು ಬಳಸುವ ಅಂದಾಜು. ಫಿಟ್ಸ್ ಬಂದವರು ಎಷ್ಟೋ ಸಲ ನಾಲಿಗೆಯ ಬದಿ ಕಚ್ಚಿಕೊಂಡಿರುತ್ತಾರೆ, ಎದ್ದ ಮೇಲೂ ಬಹಳ ಹೊತ್ತು ಎಲ್ಲಿದ್ದೇನೆಂದು ತಿಳಿಯದೆ ತೊಳಲುತ್ತಾರೆ. ಈ ಹುಡುಗಿ ಎದ್ದ ಕೂಡಲೇ "ಔಟ್ ಆದ್ನಾ?" ಎಂದು ಕೇಳಿದ್ದಳು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಮನೆತನದಲ್ಲಿ ಚಿಕ್ಕ ವಯಸ್ಸಿನವರು ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಅಪ್ಪ ತಲೆಯಾಡಿಸಿ ಇಲ್ಲವೆಂದರು. ನಾನು ಪ್ರಶ್ನೆಯನ್ನು ಬೇರೆ ಥರ ಕೇಳಿದೆ: ಯಾರಾದರೂ ನೀರಿಗೆ ಬಿದ್ದು ಹೋದವರು, ನಿದ್ದೆಯಲ್ಲೇ ಹೋದವರು? ಅಮ್ಮ ಸೆರಗಿನ ತುದಿ ಹಿಡಿದುಕೊಂಡು ಹೇಳಿದರು, "ನಮ್ಮಣ್ಣನ ಮಗ ನಾಲೆಯಲ್ಲಿ ಹೋದ. ಚೆನ್ನಾಗಿ ಈಜು ಬರ್ತಿತ್ತು ಸಾರ್ ಅವನಿಗೆ." ಈಜು ಬಲ್ಲ ಹುಡುಗ ಮುಳುಗಿದ ಎಂದರೆ ಮನೆಯವರು ಅದನ್ನು ಅಪಘಾತದ ಲೆಕ್ಕಕ್ಕೆ ಸೇರಿಸುತ್ತಾರೆ, ಹೃದಯದ ಲೆಕ್ಕಕ್ಕಲ್ಲ. ಪ್ರಶ್ನೆಯನ್ನು ಹೀಗೆ ಬಿಡಿಸಿ ಕೇಳದಿದ್ದರೆ ಈ ಸಂಗತಿ ಹೊರಬರುವುದೇ ಇಲ್ಲ.

ಇಸಿಜಿ ತೆಗೆಯಲು ಐದು ನಿಮಿಷ ಸಾಕಾಯಿತು. ಕಾಗದದ ಮೇಲೆ ಒಂದು ಸಣ್ಣ ಚೌಕವೆಂದರೆ 40 ಮಿಲಿಸೆಕೆಂಡು. ಅವಳ ಒಂದು ಬಡಿತದಿಂದ ಮುಂದಿನದಕ್ಕೆ 20 ಚೌಕ, ಅಂದರೆ ನಿಮಿಷಕ್ಕೆ 75 ಬಡಿತ. ಅದು ಸರಿಯಾಗಿಯೇ ಇತ್ತು. ಪ್ರತಿ ಬಡಿತಕ್ಕೂ ಹೃದಯದ ಕೆಳ ಕೋಣೆಗಳಲ್ಲಿ ವಿದ್ಯುತ್ ಹರಿದು, ಮತ್ತೆ ಮೊದಲಿನ ಸ್ಥಿತಿಗೆ ಬರಬೇಕು. ಈ ಇಡೀ ಅವಧಿಗೆ ಕ್ಯೂಟಿ ಎನ್ನುತ್ತಾರೆ. ಕಣ್ಣಳತೆಯ ಒಂದು ನಿಯಮವಿದೆ: ವಿಶ್ರಾಂತಿಯ ಬಡಿತದಲ್ಲಿ ಕ್ಯೂಟಿ ಎರಡು ಬಡಿತಗಳ ನಡುವಿನ ಅಂತರದ ಅರ್ಧವನ್ನು ದಾಟಬಾರದು. ಇವಳಿಗೆ ಹತ್ತು ಚೌಕದೊಳಗೆ ಮುಗಿಯಬೇಕಿತ್ತು. ಎಣಿಸಿದೆ, ಹನ್ನೊಂದೂವರೆ. ಅಂದರೆ 460 ಮಿಲಿಸೆಕೆಂಡು. ಬಡಿತದ ವೇಗಕ್ಕೆ ತಕ್ಕಂತೆ ಸರಿಪಡಿಸಲು ಇದನ್ನು 0.8 ಸೆಕೆಂಡಿನ ವರ್ಗಮೂಲದಿಂದ ಭಾಗಿಸಿದರೆ 514 ಬರುತ್ತದೆ. ಕಾರಣ ತಿಳಿಯದೆ ಬಿದ್ದವರಲ್ಲಿ ಈ ಸಂಖ್ಯೆ 460 ದಾಟಿದರೇ ಅನುಮಾನ ಪಡಬೇಕು. 500 ದಾಟಿದರೆ ಅಪಾಯ ಎದ್ದು ಕಾಣುತ್ತದೆ. ಯಂತ್ರ ತಾನೇ ಮುದ್ರಿಸುವ ಅಂಕಿಯನ್ನು ನಂಬಿ ಕೂರುವಂತಿಲ್ಲ, ಅಲೆಯ ಕೊನೆ ಎಲ್ಲಿ ಎಂದು ಅದು ತಪ್ಪಾಗಿ ಗುರುತಿಸುವುದುಂಟು.

ಇದರ ಹೆಸರು ಲಾಂಗ್ ಕ್ಯೂಟಿ ಸಿಂಡ್ರೋಮ್. ಬಹುಪಾಲು ಹೃದಯದ ಕೋಶಗಳಿಂದ ಪೊಟ್ಯಾಸಿಯಮ್ ಹೊರಹೋಗುವ ದಾರಿಯಲ್ಲಿ ಹುಟ್ಟಿನಿಂದಲೇ ದೋಷವಿರುವುದರಿಂದ ಚೇತರಿಕೆ ತಡವಾಗುತ್ತದೆ. ಓಡುವಾಗ, ಈಜುವಾಗ ಬಡಿತ ಏರಿದಂತೆ ಕ್ಯೂಟಿ ಕುಗ್ಗಬೇಕು. ಇದರ ಅತಿ ಸಾಮಾನ್ಯ ಬಗೆಯಲ್ಲಿ ಅದು ಕುಗ್ಗುವುದಿಲ್ಲ. ಚೇತರಿಕೆ ಮುಗಿಯುವ ಮೊದಲೇ ಹೊಸ ಬಡಿತ ಹುಟ್ಟಿ, ಕೆಳ ಕೋಣೆಗಳು ತಳ್ಳುವುದನ್ನು ಬಿಟ್ಟು ಅಡ್ಡಾದಿಡ್ಡಿಯಾಗಿ ಮಿಡಿಯತೊಡಗುತ್ತವೆ. ಅನೇಕ ಸಲ ಈ ಅಲೆ ಕೆಲವು ಸೆಕೆಂಡಿನಲ್ಲಿ ತಾನಾಗಿ ನಿಲ್ಲುತ್ತದೆ, ಮಗು ಮಣ್ಣು ಕೊಡವಿಕೊಂಡು ಏಳುತ್ತದೆ. ನಿಲ್ಲದಿದ್ದರೆ ಸಾವು. ನಾಲೆಯಲ್ಲಿ ಹೋದ ಹುಡುಗನಿಗೂ ಇವಳಿಗೂ ನಡುವೆ ಇದ್ದ ವ್ಯತ್ಯಾಸ ಅಷ್ಟೇ ಇರಬಹುದು.

ಇದರ ತೀವ್ರವಾದ ಒಂದು ಬಗೆಯನ್ನು 1957ರಲ್ಲಿ ನಾರ್ವೆಯ ವೈದ್ಯರಾದ ಯರ್ವೆಲ್ ಮತ್ತು ಲಾಂಗೆ ನೀಲ್ಸನ್ ವರದಿ ಮಾಡಿದರು. ಒಂದು ಮನೆಯ ಆರು ಮಕ್ಕಳಲ್ಲಿ ನಾಲ್ವರು ಹುಟ್ಟು ಕಿವುಡರು, ಆ ನಾಲ್ವರಿಗೂ ಮೂರ್ಛೆ ಬರುತ್ತಿತ್ತು, ಮೂವರು ಚಿಕ್ಕವರಿದ್ದಾಗಲೇ ತೀರಿಕೊಂಡರು. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಹೀಗಾಗುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿಯಿರುವ ನಮ್ಮ ಸೀಮೆಯಲ್ಲಿ ಇದನ್ನು ಒತ್ತಿ ಹೇಳಬೇಕು: ಹುಟ್ಟು ಕಿವುಡಾದ ಮಗು ಎಚ್ಚರ ತಪ್ಪಿ ಬಿದ್ದರೆ ಮೊದಲು ಆಗಬೇಕಾದದ್ದು ಇಸಿಜಿ.

ಇಸಿಜಿಗೂ ಮಿತಿ ಇದೆ. ಅದು ಹತ್ತು ಸೆಕೆಂಡಿನ ಚಿತ್ರ. ವಯಸ್ಸಾದವರಲ್ಲಿ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ಹೋಗುವ ವಿದ್ಯುತ್ ಆಗೊಮ್ಮೆ ಈಗೊಮ್ಮೆ ತಡೆಯುವುದುಂಟು. ಕುರ್ಚಿಯಲ್ಲಿ ಪೇಪರ್ ಓದುತ್ತ ಕೂತ ಅಜ್ಜ ಸದ್ದಿಲ್ಲದೆ ವಾಲಿ, ಕ್ಷಣದಲ್ಲಿ ಎಚ್ಚರಗೊಂಡು, "ತೂಕಡಿಸಿದೆ" ಎನ್ನುತ್ತಾರೆ. ಆಸ್ಪತ್ರೆ ತಲುಪುವ ಹೊತ್ತಿಗೆ ಇಸಿಜಿ ಸರಿಯಾಗಿರಬಹುದು. ಕೂತಾಗ, ಮಲಗಿದಾಗ ಎಚ್ಚರ ತಪ್ಪಿದರೆ, ಅದಕ್ಕೆ ಮುಂಚೆ ಎದೆ ಡವಡವ ಎಂದಿದ್ದರೆ, ಮೊದಲೇ ಹೃದಯದ ಕಾಯಿಲೆ ಇದ್ದರೆ, ಒಂದು ನಾರ್ಮಲ್ ಇಸಿಜಿ ನೋಡಿ ಮನೆಗೆ ಕಳಿಸಬಾರದು. ಅದೇ ದಿನ ಆಸ್ಪತ್ರೆಯಲ್ಲಿ ಮಾನಿಟರ್ ಹಚ್ಚಿ ನೋಡಬೇಕು. ಆಗಲೂ ಸಿಗದಿದ್ದರೆ ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಇದೆ. ತಿಂಗಳುಗಟ್ಟಲೆ ಕಾಯಬೇಕಾದವರಿಗೆ ಎದೆಯ ಚರ್ಮದಡಿ ಇಡುವ ಪುಟ್ಟ ಲೂಪ್ ರೆಕಾರ್ಡರ್ ಇದೆ.

ಚಿಕ್ಕವಳನ್ನು ಆ ಮಧ್ಯಾಹ್ನವೇ ಹೃದಯ ಬಡಿತದ ತಜ್ಞರ ಬಳಿ ಕಳಿಸಿದೆ. ಬೀಟಾ ಬ್ಲಾಕರ್ ಮಾತ್ರೆ ಶುರುವಾಯಿತು. ಒಂದು ದಿನವೂ ತಪ್ಪಿಸುವಂತಿಲ್ಲ. ಮಾತ್ರೆಯ ಮೇಲೂ ಬಿದ್ದರೆ ಎದೆಯಲ್ಲಿ ಶಾಕ್ ಕೊಡುವ ಯಂತ್ರ ಇಡಬೇಕಾಗಬಹುದು ಎಂದು ಅವರು ತಿಳಿಸಿದರು. ತಜ್ಞರು ಹೇಳುವ ತನಕ ಖೋ ಖೋ ಇಲ್ಲ, ನೀರಿಗೆ ಇಳಿಯುವುದಂತೂ ಇಲ್ಲವೇ ಇಲ್ಲ. ಫಿಟ್ಸ್ ಮಾತ್ರೆಯನ್ನು ನರರೋಗ ತಜ್ಞರು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಅವಳ ಬ್ಯಾಗಿನಲ್ಲಿ ಈಗ ಒಂದು ಚೀಟಿ ಇರುತ್ತದೆ. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, ಡೊಂಪೆರಿಡೋನ್, ಕೆಮ್ಮು ಜ್ವರಕ್ಕೆ ಬರೆಯುವ ಅಜಿತ್ರೋಮೈಸಿನ್ ಕ್ಯೂಟಿಯನ್ನು ಇನ್ನಷ್ಟು ಉದ್ದ ಮಾಡುತ್ತವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬಾರದು. ವಾಂತಿ ಭೇದಿಯಾದರೆ ಪೊಟ್ಯಾಸಿಯಮ್ ಇಳಿಯುತ್ತದೆ, ಆ ದಿನವೇ ವೈದ್ಯರ ಬಳಿ ಬರಬೇಕು.

ದೊಡ್ಡವಳ ಇಸಿಜಿಯನ್ನೂ ತೆಗೆದೆವು. ಅವಳದು ಸರಿಯಾಗಿತ್ತು. ಆದರೂ ಇಸಿಜಿ ಸರಿಯಿದ್ದವರಲ್ಲಿಯೂ ದೋಷ ಅಡಗಿರಬಹುದಾದ್ದರಿಂದ ತಂಗಿಯ ಜೀನ್ ಪರೀಕ್ಷೆಯ ಫಲ ಬಂದ ಮೇಲೆ ಅವಳನ್ನೂ ಅದಕ್ಕೊಳಪಡಿಸಲು ತಜ್ಞರು ಹೇಳಿದರು. ಅವಳ ಬೀಳುವಿಕೆಗೆ ಮಾತ್ರೆ ಬೇಕಿರಲಿಲ್ಲ. ಬೆಳಿಗ್ಗೆ ಚೆನ್ನಾಗಿ ನೀರು ಕುಡಿದು ಹೊರಡುವುದು, ಸಾಲಿನಲ್ಲಿ ನಿಂತಾಗ ಹಿಮ್ಮಡಿ ಎತ್ತಿಳಿಸುವುದು, ಬೆವರು ಬಂದ ಕೂಡಲೇ ಕಾಲಿಗೆ ಕಾಲು ಕತ್ತರಿಯಂತೆ ಹೆಣೆದು ತೊಡೆ ಬಿಗಿ ಹಿಡಿಯುವುದು, ಆಗದಿದ್ದರೆ ನಾಚದೆ ಅಲ್ಲೇ ಕೂತು ಮಲಗುವುದು.

ಕೊನೆಗೆ ಅಮ್ಮನನ್ನು ಮಂಚದ ಮೇಲೆ ಮಲಗಲು ಹೇಳಿದಾಗ, "ನಾನು ಯಾವತ್ತೂ ಬಿದ್ದಿಲ್ವಲ್ಲ ಸಾರ್" ಎಂದರು. ಅವರ ಕ್ಯೂಟಿಯೂ ಉದ್ದವಿತ್ತು. ಚೌಕಗಳನ್ನು ಅವರೆದುರೇ ಎಣಿಸಿ ತೋರಿಸಿದೆ. ಅವರು ಎದ್ದು ಕೂತು, ಸ್ವಲ್ಪ ಹೊತ್ತು ಕಾಗದವನ್ನೇ ನೋಡಿ, ಗಂಡನ ಕೈಯಿಂದ ಫೋನ್ ಇಸಿದುಕೊಂಡರು. ತಮ್ಮ ಅಣ್ಣನ ಮನೆಯಲ್ಲಿ ಇನ್ನೂ ಒಂದು ಮಗುವಿತ್ತು.