ಒಂದೇ ಬಾಲ್ಕನಿ, ಮೂರು ಬಗೆಯ ಬಾಯಾರಿಕೆ

ಪುದೀನ, ಕರಿಬೇವು, ಲೋಳೆಸರ ಮೂರನ್ನೂ ಒಂದೇ ಅಳತೆಯ ಕುಂಡಗಳಲ್ಲಿ ನೆಟ್ಟು, ದಿನಾ ಬೆಳಗ್ಗೆ ಒಂದೊಂದು ಚೊಂಬು ನೀರು ಹಾಕಿ ನೋಡಿ. ಪುದೀನ ಹುಲುಸಾಗಿ ಹಬ್ಬುತ್ತದೆ. ಕರಿಬೇವಿನ ಎಲೆ ಹಳದಿಗೆ ತಿರುಗಿ ಉದುರತೊಡಗುತ್ತದೆ. ಲೋಳೆಸರ ಬುಡದಲ್ಲಿ ಮೆತ್ತಗಾಗಿ ಒಂದು ದಿನ ವಾಲಿಕೊಳ್ಳುತ್ತದೆ. ಆಗ ಮನೆಯವರು ಗಿಡ ಬಾಡಿತೆಂದು ಇನ್ನಷ್ಟು ನೀರು ಹಾಕುತ್ತಾರೆ! ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ಸದಾ ನೀರೇ ತುಂಬಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಕೊಳೆತ ಬೇರು ನೀರು ಹೀರಲಾರದು, ಒದ್ದೆ ಮಣ್ಣಿನಲ್ಲೇ ಗಿಡ ಬಾಡುತ್ತದೆ. ಆದ್ದರಿಂದ ಬಾಡಿದ ಗಿಡ ಕಂಡಾಗ ಮೊದಲು ಬೆರಳನ್ನು ಮಣ್ಣಿಗೆ ಇಳಿಸಿ ನೋಡಬೇಕು.

ನೀರಿಗೂ ಮುಂಚೆ ಬಿಸಿಲಿನ ಲೆಕ್ಕ. ಬೆಂಗಳೂರಿನಲ್ಲಿ ದಕ್ಷಿಣಕ್ಕೆ ಮುಖವಿರುವ ಬಾಲ್ಕನಿಗೆ ಡಿಸೆಂಬರಿನಲ್ಲಿ ಒಳಗಿನವರೆಗೂ ಬಿಸಿಲು ಬೀಳುತ್ತದೆ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ, ಮೇಲಿನ ಮಹಡಿಯ ಬಾಲ್ಕನಿ ಸೂರಿನಂತೆ ಅಡ್ಡ ಬರುತ್ತದೆ. ಚಳಿಗಾಲದಲ್ಲಿ ಚೆನ್ನಾಗಿದ್ದ ಕರಿಬೇವು ಬೇಸಿಗೆಯಲ್ಲಿ ಸೊರಗಲು ಇದೂ ಒಂದು ಕಾರಣ. ಪೂರ್ವದ ಬಾಲ್ಕನಿಯಾದರೆ ಎದುರಿಗೆ ದೊಡ್ಡ ಕಟ್ಟಡವಿಲ್ಲದಿದ್ದಲ್ಲಿ ವರ್ಷವಿಡೀ ಬೆಳಗಿನ ಬಿಸಿಲು ಸಿಗುತ್ತದೆ. ಅಂಥ ಕಡೆ ಕರಿಬೇವನ್ನು ಕಂಬಿಯ ಪಕ್ಕ ನೆಲದ ಮೇಲೆ, ಪುದೀನವನ್ನು ಅದರ ನೆರಳು ಬೀಳುವಂತೆ ಹಿಂದೆ, ಲೋಳೆಸರವನ್ನು ಮಳೆಯ ಎರಚಲು ತಾಗದ ಮೂಲೆಯಲ್ಲಿ ಇಡುವುದು ನನ್ನ ಮಟ್ಟಿಗೆ ಸರಿಯಾದ ಜೋಡಣೆ.

ಮೂರರಲ್ಲಿ ತಾಳ್ಮೆ ಕೇಳುವುದು ಕರಿಬೇವು. ಅದು ಮರವಾಗುವ ಜಾತಿ, ನಿಂಬೆಯ ಕುಟುಂಬಕ್ಕೆ ಸೇರಿದ್ದು. ಒಂದಡಿ ಅಗಲ, ಅಷ್ಟೇ ಆಳದ ಕುಂಡವಾದರೂ ಬೇಕು, ತಳದಲ್ಲಿ ತೂತುಗಳಿರಬೇಕು. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿದರೆ ನೀರು ನಿಲ್ಲುವುದಿಲ್ಲ. ಮೇಲಿನ ಎರಡು ಅಂಗುಲ ಒಣಗಿದ ಮೇಲೆ, ತಳದಿಂದ ಇಳಿಯುವಷ್ಟು ನೀರು ಕೊಟ್ಟು ಮತ್ತೆ ಒಣಗಲು ಬಿಡಬೇಕು. ಡಿಸೆಂಬರ್, ಜನವರಿಯ ಚಳಿಗೆ ಗಿಡ ಚಿಗುರದೆ ಸುಮ್ಮನಿರುತ್ತದೆ. ಆಗ ಗೊಬ್ಬರ ಬೇಡ, ನೀರೂ ಕಡಿಮೆ ಸಾಕು.

ಎಲೆಯ ಬಣ್ಣವೇ ಕಾಯಿಲೆ ಹೇಳುತ್ತದೆ. ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾಗಿ, ಮಣ್ಣೂ ಒದ್ದೆಯಿದ್ದರೆ ನೀರು ಹೆಚ್ಚಾಗಿದೆ ಎನ್ನಬಹುದು. ಮಣ್ಣು ಹದವಾಗಿದ್ದೂ ಕೆಳಗಿನ ಎಲೆ ಮಾತ್ರ ಬಿಳಚಿಕೊಂಡರೆ ಗೊಬ್ಬರದ ಹಸಿವು. ಹೊಸ ಚಿಗುರು ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದಿದ್ದರೆ ಗಿಡಕ್ಕೆ ಕಬ್ಬಿಣ ದಕ್ಕುತ್ತಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಮಣ್ಣನ್ನು ಕ್ಷಾರವಾಗಿಸುತ್ತ ಹೋದಾಗ, ಮಣ್ಣಿನಲ್ಲಿರುವ ಕಬ್ಬಿಣವೂ ಬೇರಿಗೆ ಸಿಗದಂತಾಗುತ್ತದೆ. ಹಳಬರು ಹುಳಿ ಮಜ್ಜಿಗೆಯನ್ನು ತಿಳಿ ಮಾಡಿ ಬುಡಕ್ಕೆ ಸುರಿಯುತ್ತಾರಲ್ಲ, ಅದರ ಹುಳಿ ಸ್ವಲ್ಪ ನೆರವಾದೀತು. ಉಪ್ಪು ಹಾಕಿರಬಾರದು, ತಿಂಗಳಿಗೊಮ್ಮೆ ಸಾಕು. ಕೊರತೆ ಜೋರಾಗಿದ್ದರೆ ನರ್ಸರಿಯಲ್ಲಿ ಸಿಗುವ ಚೀಲೇಟೆಡ್ ಕಬ್ಬಿಣವನ್ನೇ ಕೊಡಬೇಕು.

ಒಗ್ಗರಣೆಗೆಂದು ಎಲೆಯನ್ನು ಒಂದೊಂದಾಗಿ ಕೀಳುವವರೇ ಹೆಚ್ಚು. ಹಾಗೆ ಮಾಡಿದರೆ ಗಿಡ ಬೋಳು ಕೋಲಿನಂತೆ ಉದ್ದ ಬೆಳೆಯುತ್ತದೆ. ಗಿಡ ಎರಡಡಿ ಆದಾಗ ತುದಿಯನ್ನು ಕತ್ತರಿಸಿದರೆ ಕೆಳಗಿನಿಂದ ಎರಡು, ಮೂರು ಕವಲು ಹೊರಡುತ್ತವೆ. ಆಮೇಲೆ ಕವಲಿನ ತುದಿ ಕತ್ತರಿಸಿಯೇ ಅಡುಗೆಗೆ ತರಬೇಕು. ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಅದು ನಿಂಬೆ ಚಿಟ್ಟೆಯ ಮರಿಹುಳು ಇರಬಹುದು, ಬೆಳೆದಂತೆ ಹಸಿರಾಗುತ್ತದೆ. ಎರಡು ಹುಳು ಎಳೆಯ ಗಿಡವನ್ನು ಬೋಳಿಸಬಲ್ಲವು. ಔಷಧಿ ಹೊಡೆಯದೆ ಕೈಯಿಂದ ಎತ್ತಿ ಹಾಕಿದರೆ ಸಾಕು, ತಿನ್ನುವ ಎಲೆಯಲ್ಲವೇ.

ಪುದೀನಕ್ಕೆ ನರ್ಸರಿಗೆ ಹೋಗಬೇಕಿಲ್ಲ. ಮಾರುಕಟ್ಟೆಯ ಕಟ್ಟಿನಿಂದ ಗಟ್ಟಿ ದಂಟುಗಳನ್ನು ಆರಿಸಿ, ಕೆಳಗಿನ ಎಲೆ ತೆಗೆದು ನೀರಿನ ಲೋಟದಲ್ಲಿಟ್ಟರೆ ವಾರ, ಹತ್ತು ದಿನದಲ್ಲಿ ಗೆಣ್ಣಿನಿಂದ ಬೇರು ಬರುತ್ತದೆ. ಇದರ ಬಳ್ಳಿಬೇರು ಅಡ್ಡಡ್ಡ ಹರಿಯುವುದರಿಂದ ಆಳಕ್ಕಿಂತ ಅಗಲದ ತೊಟ್ಟಿ ಒಳ್ಳೆಯದು. ಕರಿಬೇವಿನ ಕುಂಡದಲ್ಲೇ ನೆಟ್ಟರೆ ಮಣ್ಣನ್ನೆಲ್ಲ ಆಕ್ರಮಿಸುತ್ತದೆ. ಮಣ್ಣು ಸದಾ ತೇವವಾಗಿರಬೇಕು, ಬೇಸಿಗೆಯಲ್ಲಿ ದಿನಾ ನೀರು ಕೇಳುತ್ತದೆ. ದಂಟು ಉದ್ದವಾಗಿ ಎಲೆ ಚಿಕ್ಕದಾದರೆ ಬೆಳಕು ಸಾಲದು. ವರ್ಷಕ್ಕೊಮ್ಮೆ ಬುಡ ಸಮೇತ ಕಿತ್ತು, ಎಳೆಯ ಬೇರನ್ನಷ್ಟೇ ಹೊಸ ಮಣ್ಣಿಗೆ ಹಾಕಿದರೆ ತೊಟ್ಟಿ ಮತ್ತೆ ತುಂಬುತ್ತದೆ.

ಲೋಳೆಸರ ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಳ್ಳುವ ಗಿಡ. ಅರ್ಧದಷ್ಟು ದಪ್ಪ ಮರಳಿರುವ ಮಣ್ಣು, ಮಣ್ಣಿನದೇ ಕುಂಡ, ಮಣ್ಣು ತಳದವರೆಗೂ ಒಣಗಿದ ಮೇಲಷ್ಟೇ ನೀರು. ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಆದೀತು, ಮಳೆಗಾಲದಲ್ಲಿ ವಾರಗಟ್ಟಲೆ ಬೇಕಾಗದು. ಎಲೆ ತೆಳ್ಳಗಾಗಿ ಒಳಕ್ಕೆ ಸುರುಳಿದರೆ ಬಾಯಾರಿದೆ, ಬುಡ ಕಂದಾಗಿ ಮೆತ್ತಗಾದರೆ ಕೊಳೆತಿದೆ. ಕೊಳೆತ ತಾಯಿಗಿಡವನ್ನು ಉಳಿಸುವುದು ಕಷ್ಟ. ಆದರೆ ಪಕ್ಕದ ಗಟ್ಟಿ ಮರಿಗಳನ್ನು ಬಿಡಿಸಿ, ಎರಡು ದಿನ ನೆರಳಿನಲ್ಲಿ ಗಾಯ ಆರಿಸಿ, ಒಣ ಮಣ್ಣಿಗೆ ನೆಟ್ಟು, ಒಂದು ವಾರ ನೀರು ಹಾಕದೆ ಬಿಟ್ಟರೆ ಅವು ಬೇರೂರುತ್ತವೆ.